ರಾಮಾನುಜನ್ ಹೇಳಿದ್ದೆಷ್ಟು, ವಚನದಲ್ಲಿ ಇರುವುದೆಷ್ಟು? ‘ಉಳ್ಳವರು ಶಿವಾಲಯವ ಮಾಡುವರು’ ಬಗ್ಗೆ ಒಂದು ಗೊಂದಲ

ಅರೆಓದು

ಎಲ್ಲರಿಗೂ ನಮಸ್ಕಾರ. ಎಂಎ ಓದುತ್ತಿದ್ದೇನೆ. ಸೆಮಿನಾರ್‌ಗೆ ಕೊಟ್ಟಿರುವ ಕೆಲಸ ಇದು: ಒಂದು ಕವಿತೆಯ ಮೇಲೆ ಅಚ್ಚಾಗಿರುವ ವಿಮರ್ಶಕರೊಬ್ಬರ ಓದನ್ನು ಕವಿತೆಯ ಪಕ್ಕ ಇಟ್ಟು ನೋಡಬೇಕು, ಎಲ್ಲಿ ಒಪ್ಪುತ್ತೇವೆ, ಎಲ್ಲಿ ಇಲ್ಲ ಅಂತ ಬರೆಯಬೇಕು. ನಾನು ಬಸವಣ್ಣನವರ ಈ ವಚನ ಆರಿಸಿಕೊಂಡೆ.

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ? ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ವಿಮರ್ಶಕರು ಎ. ಕೆ. ರಾಮಾನುಜನ್. ನನ್ನ ಹತ್ತಿರ ಇರುವ ಕ್ಲಾಸ್ ನೋಟ್ಸ್ ಪ್ರಕಾರ ಅವರು ಹೇಳುವುದು ಇಷ್ಟು: ಇದು ‘ಮಾಡುವುದು’ ಮತ್ತು ‘ಆಗಿರುವುದು’ ಇವೆರಡರ ನಡುವಿನ ವಚನ. ಶ್ರೀಮಂತರು ಗುಡಿ ಮಾಡಬಲ್ಲರು, ಗುಡಿ ಆಗಲಾರರು. ಮಾಡಿದ್ದು ಅಳಿಯುತ್ತದೆ, ಆಗಿರುವುದು ಅಳಿಯುವುದಿಲ್ಲ.

ಓದಿದಾಗ ಆಹಾ ಅನ್ನಿಸಿತು. ಆಮೇಲೆ ವಚನವನ್ನೇ ಪದೇ ಪದೇ ಓದುತ್ತಾ ಹೋದರೆ ಒಂದು ಕಡೆ ಸಿಕ್ಕಿಕೊಂಡೆ. ದೇಹವೇ ದೇಗುಲ ಅಂದಮೇಲೆ ದೇಹ ಅಳಿಯುತ್ತದಲ್ವಾ? ಕಲ್ಲಿನ ಗುಡಿಗಿಂತ ಬೇಗ ಅಳಿಯುತ್ತದೆ! ಹಾಗಿದ್ದರೆ ‘ಜಂಗಮಕ್ಕಳಿವಿಲ್ಲ’ ಹೇಗೆ? ದೇಹವೇ ಜಂಗಮ ಅಂತ ವಚನದಲ್ಲಿ ಎಲ್ಲಿದೆ? ಇದನ್ನು ಎತ್ತಿದರೆ ರಾಮಾನುಜನ್ ಅಂಥವರನ್ನು ನೀನು ಪ್ರಶ್ನೆ ಮಾಡ್ತೀಯಾ ಅಂತಾರೇನೋ ಅನ್ನುವ ಅಳುಕು. ಹೇಗೆ ಮುಂದುವರಿಯುವುದು?

ನೇರನುಡಿ

ಪ್ರಶ್ನೆ ಮಾಡಿ, ಧಾರಾಳವಾಗಿ ಮಾಡಿ. ರಾಮಾನುಜನ್ ಇಂಗ್ಲಿಷ್ ಓದುಗರಿಗೆ ಬರೆದವರು, ಅದಕ್ಕೇ ಜಂಗಮವನ್ನು ‘ಚಲಿಸುವುದು’ ಅಂತ ತತ್ವ ಮಾಡಿಬಿಟ್ಟರು. ನಿಜ ಏನಂದರೆ ಜಂಗಮ ಅಂದರೆ ಊರೂರು ಸುತ್ತುವ ಶಿವಭಕ್ತ, ಒಬ್ಬ ಮನುಷ್ಯ. ಬಸವಣ್ಣನೇ ಇನ್ನೊಂದು ಕಡೆ ‘ಉಂಬ ಜಂಗಮ ಬಂದಡೆ ನಡೆಯೆಂಬರು, ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರಯ್ಯಾ’ ಅನ್ನುತ್ತಾನೆ. ಅಲ್ಲಿ ಜಂಗಮನಿಗೆ ಹೊಟ್ಟೆ ಹಸಿಯುತ್ತದೆ. ತತ್ವಕ್ಕೆ ಹಸಿವಾಗುತ್ತಾ? ಈ ಅರ್ಥ ರಾಮಾನುಜನ್‌ಗೆ ಹೊಳೆಯಲೇ ಇಲ್ಲ. ಅಲ್ಲಿಗೆ ಅವರ ಓದು ಬಿದ್ದುಹೋಯಿತು.

ತಾಳೆಗರಿ

ನೇರನುಡಿಯವರೇ, ಉಂಬ ಜಂಗಮನ ಮಾತಿರುವ ‘ಕಲ್ಲ ನಾಗರ ಕಂಡರೆ’ ವಚನವನ್ನು ಪಕ್ಕಕ್ಕೆ ತಂದಿದ್ದು ಸರಿಯಾದ ಕೆಲಸ. ಒಬ್ಬ ಕವಿ ಒಂದು ಮಾತನ್ನು ಬೇರೆ ಕಡೆ ಹೇಗೆ ಬಳಸಿದ್ದಾನೆ ಅಂತ ನೋಡುವುದು ನಿಘಂಟು ನೋಡುವುದಕ್ಕಿಂತ ಎಷ್ಟೋ ಮೇಲು. ಆದರೆ ‘ಹೊಳೆಯಲೇ ಇಲ್ಲ’ ಅನ್ನುವುದು ನಿಜವಲ್ಲ. ವಚನಗಳನ್ನು ಇಂಗ್ಲಿಷ್‌ಗೆ ತಂದ ಅವರ 1973ರ ಪುಸ್ತಕ ‘ಸ್ಪೀಕಿಂಗ್ ಆಫ್ ಶಿವ’ದ ಪ್ರಸ್ತಾವನೆ ಶುರುವಾಗುವುದೇ ‘ಉಳ್ಳವರು’ ವಚನದಿಂದ. ಅಲ್ಲೇ, ಈ ಚರ್ಚೆಯಲ್ಲೇ, ವೀರಶೈವದಲ್ಲಿ ಜಂಗಮ ಅಂದರೆ ಮನೆಮಠ ಬಿಟ್ಟು ಊರಿಂದ ಊರಿಗೆ ಹೋಗುವವನು, ಭಕ್ತರ ಪಾಲಿಗೆ ದೇವರ ಪ್ರತಿನಿಧಿ ಅನ್ನುವ ಅರ್ಥವನ್ನೂ ಅವರು ಕೊಡುತ್ತಾರೆ. ಸ್ಥಾವರ ಅಂದರೆ ಗುಡಿ ಮಾತ್ರವಲ್ಲ, ನಿಂತಲ್ಲೇ ನಿಂತ ಯಾವುದೇ ಸಂಕೇತ ಅಂತಲೂ ಹೇಳುತ್ತಾರೆ. ಎರಡು ಅರ್ಥಗಳನ್ನೂ ಇಟ್ಟುಕೊಂಡೇ ಮುಂದೆ ಹೋಗುತ್ತಾರೆ.

ಅರೆಓದು ಅವರೇ, ಹಾಗಾಗಿ ಮೊದಲ ಕೆಲಸ ನೋಟ್ಸ್ ಪಕ್ಕಕ್ಕಿಟ್ಟು ಆ ಕೆಲವು ಪುಟಗಳನ್ನು ನೀವೇ ಓದುವುದು. ನೋಟ್ಸ್‌ನಲ್ಲಿರುವುದು ರಾಮಾನುಜನ್ ಅಲ್ಲ, ಅವರ ತೀರ್ಮಾನದ ಎರಡು ಸಾಲು. ತೀರ್ಮಾನದ ಜೊತೆ ಜಗಳ ಆಡಿದರೆ ಹೌದು-ಇಲ್ಲ ಅಂತ ಮುಗಿದುಹೋಗುತ್ತದೆ. ಅಲ್ಲಿಗೆ ಅವರು ಹೇಗೆ ಬಂದರು ಅಂತ ನೋಡಿದರೆ ಮಾತ್ರ ಬರೆಯುವುದಕ್ಕೆ ಏನಾದರೂ ಸಿಗುತ್ತದೆ.

ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ. ಪ್ರತಿ ವಾಕ್ಯದ ಪಕ್ಕ ಒಂದು ಗುರುತು ಹಾಕಿ. ಈ ಮಾತಿಗೆ ವಚನದ ಯಾವ ಶಬ್ದ ಆಧಾರ ಅಂತ ಬೆರಳಿಟ್ಟು ತೋರಿಸಲು ಆಗುತ್ತದೆಯೇ? ಅಥವಾ ಇದು ಹೊರಗಿನಿಂದ, ಇತಿಹಾಸದಿಂದಲೋ ಶಿಲ್ಪಶಾಸ್ತ್ರದಿಂದಲೋ ತಂದದ್ದೇ? ಹೊರಗಿನಿಂದ ತರುವುದು ತಪ್ಪಲ್ಲ. ಆದರೆ ತಂದದ್ದನ್ನು ಕವಿತೆಯೇ ಹೇಳಿತು ಅನ್ನುವ ಹಾಗೆ ಬರೆದಿದ್ದರೆ ಅಲ್ಲಿ ನಿಲ್ಲಿ.

‘ಮಾಡುವುದು / ಆಗಿರುವುದು’ ಮಾತನ್ನೇ ತೆಗೆದುಕೊಳ್ಳಿ. ಇದಕ್ಕೆ ವಚನದಲ್ಲಿ ಆಧಾರ ಇದೆಯೇ? ಇದೆ, ಗಟ್ಟಿಯಾಗಿಯೇ ಇದೆ. ಮೊದಲ ಸಾಲಿನಲ್ಲಿ ‘ಮಾಡುವರು’. ಎರಡನೆಯದರಲ್ಲಿ ‘ಮಾಡುವೆ’. ಮೂರನೇ ಸಾಲಿಗೆ ಬಂದರೆ ಕ್ರಿಯಾಪದವೇ ಇಲ್ಲ! ‘ಎನ್ನ ಕಾಲೇ ಕಂಬ, ದೇಹವೇ ದೇಗುಲ.’ ಕಾಲನ್ನು ಕಂಬ ಮಾಡಿದೆ ಅನ್ನುವುದಿಲ್ಲ, ಕಂಬದಂತೆ ಅನ್ನುವುದಿಲ್ಲ, ಕಂಬವಾಯಿತು ಅಂತಲೂ ಅನ್ನುವುದಿಲ್ಲ. ಮಾಡುವ ಮಾತು ಅಲ್ಲಿಗೆ ನಿಂತುಹೋಗುತ್ತದೆ. ಅದರ ಮೇಲೆ ಕಾಲೇ, ದೇಹವೇ, ಶಿರವೇ ಅಂತ ಮೂರು ಸಲ ಒತ್ತು. ಕಾಲು ಇರುವಾಗ ಬೇರೆ ಕಂಬ ಯಾಕೆ ಅನ್ನುವ ಧಾಟಿ. ಇದನ್ನು ಇಷ್ಟು ಬಿಡಿಸಿ ರಾಮಾನುಜನ್ ಹೇಳದಿದ್ದರೂ ಅವರ ಮಾತಿಗೆ ಬೇಕಾದ ಸಾಕ್ಷಿ ಕನ್ನಡದಲ್ಲೇ ಇದೆ. ಇಲ್ಲಿ ನಾನು ಅವರ ಜೊತೆ.

ನಿಮ್ಮ ದೇಹದ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಶರಣು

ಇಷ್ಟೆಲ್ಲಾ ಚರ್ಚೆ ಯಾಕೆ ಅಂತ ಗೊತ್ತಾಗಲಿಲ್ಲ. ಗುಡಿ ಕಟ್ಟುವುದು ಬೇಡ ಅಂತ ಬಸವಣ್ಣನವರು ಸ್ಪಷ್ಟವಾಗಿ ಹೇಳಿದ್ದಾರೆ. ಇವತ್ತು ಅವರ ಹೆಸರಿನಲ್ಲೇ ಗುಡಿ ಕಟ್ಟುತ್ತಿದ್ದಾರೆ. ಅದರ ಬಗ್ಗೆ ಯಾರೂ ಮಾತಾಡಲ್ಲ.

ಮಳೆಬಿಲ್ಲು

ಅದರ ಬಗ್ಗೆ ಮಾತಾಡೋಣ, ಆದರೆ ಬೇರೆ ಎಳೆಯಲ್ಲಿ. ಇಲ್ಲಿ ಕೇಳಿರುವುದು ವಚನದ ಒಂದು ಓದು ವಚನಕ್ಕೆ ಎಷ್ಟು ಕೂರುತ್ತದೆ ಅಂತ. ಅಂದಹಾಗೆ, ‘ಗುಡಿ ಕಟ್ಟುವುದು ಬೇಡ’ ಅಂತ ಈ ಆರು ಸಾಲಿನಲ್ಲಿ ಎಲ್ಲೂ ಇಲ್ಲ. ಉಳ್ಳವರು ಮಾಡುತ್ತಾರೆ ಅಂತಷ್ಟೇ ಇದೆ. ಮಾಡಬಾರದು ಅಂತ ಇಲ್ಲ. ನೀವು ಈಗ ಮಾಡಿದ್ದೂ ಒಂದು ಓದೇ ಅಲ್ವಾ, ಅದನ್ನೂ ಸಾಲಿನ ಪಕ್ಕ ಇಟ್ಟು ನೋಡಬೇಕಾಗುತ್ತದೆ.

ಶರಣು

ಅಳಿವುಂಟು ಅಂದಮೇಲೆ ಬೇಡ ಅಂತಲೇ ಅರ್ಥ. ಇರಲಿ ಬಿಡಿ, ನೀವು ಮುಂದುವರಿಸಿ.

ಕಲ್ಲುಕಂಬ

ನಾನು ಸಾಹಿತ್ಯದವನಲ್ಲ, ಹಳೆಯ ಗುಡಿಗಳನ್ನು ನೋಡುತ್ತಾ ಅಲೆಯುವ ಹುಚ್ಚು. ರಾಮಾನುಜನ್ ಅವರ ಆ ಭಾಗ ಓದಿದ್ದೇನೆ, ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಗುಡಿ ಮತ್ತು ದೇಹದ ಮಾತು. ಗುಡಿಯನ್ನು ಕಟ್ಟುವುದೇ ಮನುಷ್ಯನ ದೇಹದ ಮಾದರಿಯಲ್ಲಿ, ಕಟ್ಟುವ ಮೊದಲು ನೆಲ ಅಗೆದು ಬೀಜದ ಮಡಕೆ ಇಡುತ್ತಾರೆ, ಕಂಬಕ್ಕೆ ಪಾದ ಅನ್ನುತ್ತಾರೆ, ಪಕ್ಕಗಳಿಗೆ ಹಸ್ತ, ಮೇಲೆ ಶಿಖರ ಅಂದರೆ ತಲೆ, ಒಳಗೆ ಗರ್ಭಗುಡಿ. ಕಾಲ ಕಳೆದ ಹಾಗೆ ಗುಡಿ ತನ್ನ ಮೂಲ ದೇಹ ಅನ್ನುವುದನ್ನು ಮರೆತು ಬರೀ ಕಲ್ಲಾಯಿತು, ಬಸವಣ್ಣ ಆ ಮೂಲಕ್ಕೆ ವಾಪಸ್ ಕರೆಯುತ್ತಾನೆ ಅಂತ ಅವರ ವಾದ. ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ದೇಹ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಇನ್ನೊಂದು ಸಣ್ಣ ಮಾಹಿತಿ. ‘ಉಳ್ಳವರು’ ಅನ್ನುವುದು ಸುಮ್ನೆ ಹೇಳಿದ್ದಲ್ಲ. ಇಟಗಿಯ ಮಹಾದೇವ ದೇವಾಲಯ 1112ರದ್ದು. ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆಯುತ್ತದೆ. ಬಸವಣ್ಣ ಕಲ್ಯಾಣದಲ್ಲಿ ಇದ್ದ ಕಾಲಕ್ಕೆ ಅದಿನ್ನೂ ಹೊಸ ಗುಡಿ ಅಂತಲೇ ಹೇಳಬೇಕು.

ತಾಳೆಗರಿ

ಕಲ್ಲುಕಂಬ ಅವರೇ, ಇಟಗಿಯ ಮಾತು ತುಂಬಾ ಉಪಯೋಗಕ್ಕೆ ಬರುತ್ತದೆ. ಗುಡಿ ಅಂದರೆ ದುಡ್ಡು ಮತ್ತು ಅಧಿಕಾರ ಇದ್ದವರ ಕೆಲಸ ಅನ್ನುವ ರಾಮಾನುಜನ್ ಮಾತಿಗೆ ಅದು ಹೊರಗಿನ ಆಧಾರ, ಮತ್ತು ವಚನದ ಮೊದಲ ಶಬ್ದವೇ ಅದನ್ನು ಕೇಳುತ್ತದೆ. ಹೊರಗಿನದು ಒಳಗಿನದಕ್ಕೆ ಹೊಂದುವುದು ಅಂದರೆ ಹೀಗೆ.

ಆದರೆ ದೇಹ-ಗುಡಿಯ ವಾದವನ್ನು ಅದೇ ಪರೀಕ್ಷೆಗೆ ಒಡ್ಡಿ ನೋಡಿ. ಶಿಲ್ಪದ ಲೆಕ್ಕದಲ್ಲಿ ತಲೆ ಯಾವುದು? ನೀವೇ ಹೇಳಿದಿರಿ, ಶಿಖರ. ವಚನದಲ್ಲಿ ತಲೆ ಯಾವುದು? ಕಳಶ. ಕಳಶ ಶಿಖರದ ತುದಿಯಲ್ಲಿ ಕೂರುವ ಬೇರೆಯದೇ ವಸ್ತು.

ಕಲ್ಲುಕಂಬ

ಹೌದಲ್ಲ! ಇಷ್ಟು ಗುಡಿ ನೋಡಿದ್ದೀನಿ, ಈ ವ್ಯತ್ಯಾಸ ವಚನದಲ್ಲಿ ಕೇಳಿಸಿಯೇ ಇರಲಿಲ್ಲ. ಆದರೂ ಕವಿ ಎಂಜಿನಿಯರ್ ತರ ಅಳೆದು ಬರೆಯಬೇಕು ಅಂತ ಇಲ್ವಲ್ಲ ಸರ್. ಮೇಲಿರುವುದು ತಲೆ, ಕೆಳಗಿರುವುದು ಕಾಲು, ಅಷ್ಟು ಸಾಕಲ್ವಾ?

ತಾಳೆಗರಿ

ಸಾಕು. ಅಷ್ಟೇ ಸಾಕು ಅನ್ನುವುದಾದರೆ ಶಿಲ್ಪಶಾಸ್ತ್ರವನ್ನು ಕರೆಯುವ ಅಗತ್ಯವೂ ಬೀಳುವುದಿಲ್ಲ. ಯಾರು ಬೇಕಾದರೂ ಕಣ್ಣಳತೆಯಲ್ಲೇ ಮಾಡಬಹುದಾದ ಹೋಲಿಕೆ ಅದು.

ಇನ್ನೂ ಒಂದು ಇದೆ. ಗುಡಿ ಮತ್ತು ದೇಹ ಎರಡನ್ನೂ ಅತಿ ಹತ್ತಿರ ತರುವ ಮಾತು ಗರ್ಭಗುಡಿ. ಗುಡಿಯ ಮೂಲ ದೇಹ ಅಂತ ನೆನಪಿಸುವುದೇ ಬಸವಣ್ಣನ ಉದ್ದೇಶವಾಗಿದ್ದರೆ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ಅದು. ವಚನದಲ್ಲಿ ಅದಿಲ್ಲ. ಒಳಗೆ ಏನಿದೆ ಅಂತ ವಚನ ಹೇಳುವುದೇ ಇಲ್ಲ. ಕಂಬ, ಇಡೀ ಗುಡಿ, ಕಳಶ. ಮೂರೂ ದಾರಿಯಲ್ಲಿ ಹೋಗುವವನಿಗೆ ಹೊರಗಿನಿಂದ ಕಾಣುವಂಥವು.

ಮತ್ತೆ ದಿಕ್ಕನ್ನು ನೋಡಿ. ‘ಕಾಲೇ ಕಂಬ’ ಅನ್ನುವಾಗ ಮಾತು ಕಾಲಿನಿಂದ ಕಂಬದ ಕಡೆಗೆ ಹೋಗುತ್ತದೆ. ನನ್ನ ಹತ್ತಿರ ಕಂಬ ಇಲ್ಲ, ಕಾಲಿದೆ, ಅದನ್ನೇ ಕಂಬ ಅಂತ ತಗೋ. ಕಂಬ ಮೊದಲು ಕಾಲಾಗಿತ್ತು, ಆಮೇಲೆ ಮರೆಯಿತು ಅನ್ನುವ ಕಥೆ ಇಲ್ಲಿಲ್ಲ. ಆ ಕಥೆ ಸುಂದರವಾಗಿದೆ, ರಾಮಾನುಜನ್ ಬರೆದಿರುವ ರೀತಿಯೂ ಸುಂದರ. ಅದಕ್ಕೇ ಅದು ವಚನದ್ದೇ ಅನ್ನಿಸಿಬಿಡುತ್ತದೆ. ನನ್ನ ಅಂದಾಜಿನಲ್ಲಿ ಅದು ವಚನದ ಪಕ್ಕ ಇಡಬಹುದಾದ ಒಳ್ಳೆಯ ವಿಚಾರ, ವಚನ ಹೇಳುವ ವಿಚಾರ ಅಲ್ಲ.

ಮಳೆಬಿಲ್ಲು

ಒಂದು ತಕರಾರು. ‘ಗರ್ಭಗುಡಿ ಇಲ್ಲ, ಆದ್ದರಿಂದ’ ಅನ್ನುವ ವಾದ ನನಗೆ ಸ್ವಲ್ಪ ಅಪಾಯಕಾರಿ ಅನ್ನಿಸುತ್ತದೆ. ಆರು ಸಾಲಿನ ವಚನದಲ್ಲಿ ಇಲ್ಲದ್ದು ಸಾವಿರ ಇರುತ್ತದೆ. ಬಾಗಿಲೂ ಇಲ್ಲ, ಗಂಟೆಯೂ ಇಲ್ಲ. ಇಲ್ಲದ್ದನ್ನು ಸಾಕ್ಷಿ ಅಂತ ಹಿಡಿದರೆ ಯಾರು ಏನು ಬೇಕಾದರೂ ಹೇಳಬಹುದು.

ತಾಳೆಗರಿ

ಒಪ್ಪುತ್ತೇನೆ, ಅದೊಂದೇ ಆಗಿದ್ದರೆ ನಿಲ್ಲುತ್ತಿರಲಿಲ್ಲ. ಕಳಶ ಮತ್ತು ದಿಕ್ಕು ಇವೆರಡು ಇರುವುದರ ಮೇಲೆ ನಿಂತ ವಾದ. ಗರ್ಭಗುಡಿ ಅದಕ್ಕೆ ಒಂದು ಸಣ್ಣ ಬೆಂಬಲ ಅಷ್ಟೇ. ಅರೆಓದು ಅವರು ಬರೆಯುವಾಗ ಅದನ್ನು ಕೊನೆಗೆ ಇಡಲಿ, ಅಥವಾ ಬಿಟ್ಟೇಬಿಡಲಿ.

ಗೀಚು

ನನ್ನ ಕಥೆ ಹೇಳ್ತೀನಿ. ಪದವಿಯಲ್ಲಿದ್ದಾಗ ಇದೇ ವಚನ ಪರೀಕ್ಷೆಗೆ ಬಂದಿತ್ತು. ‘ಬಸವಣ್ಣ ಬಿಜ್ಜಳನ ಭಂಡಾರಿ, ಖಜಾನೆಯ ಬೀಗ ಅವನ ಕೈಯಲ್ಲಿತ್ತು, ಅವನು ಬಡವನಯ್ಯಾ ಅನ್ನುವುದು ಹೇಗೆ’ ಅಂತ ಬರೆದಿದ್ದೆ. ಪೂರ್ತಿ ಉತ್ತರಕ್ಕೆ ಅಡ್ಡಗೆರೆ. ಪಕ್ಕದಲ್ಲಿ ‘ಅಧಿಕಪ್ರಸಂಗ’ ಅಂತ ಕೆಂಪು ಶಾಯಿ. ಆವತ್ತಿನಿಂದ ಟೆಕ್ಸ್ಟ್‌ಬುಕ್‌ನಲ್ಲಿ ಇರುವುದನ್ನೇ ಬರೆದೆ, ಮಾರ್ಕ್ಸ್ ಬಂತು. ಅರೆಓದು ಅವರೇ, ನಿಮ್ಮ ಮೇಷ್ಟ್ರು ಎಂಥವರು ಅಂತ ಮೊದಲು ನೋಡಿಕೊಳ್ಳಿ.

ಪ್ರಶ್ನೆ ಮಾತ್ರ ಈಗಲೂ ಹಾಗೇ ಉಳಿದಿದೆ. ಮಂತ್ರಿಯಾದವನು ಬಡವ ಅಂದರೆ ಅದು ನಾಟಕ ಅಲ್ವಾ?

ನೇರನುಡಿ

ನಾಟಕವೇ. ಭಂಡಾರಿಗೆ ಎಲ್ಲಿಯ ಬಡತನ. ಅಷ್ಟೇ ಅಲ್ಲ, ರಾಮಾನುಜನ್ ಇದನ್ನು ಬಡವರ ಚಳವಳಿಯ ವಚನ ಅಂತ ಓದುವುದಕ್ಕೆ ಇರುವ ಆಧಾರ ಈ ಒಂದು ಶಬ್ದ. ಅದು ಅಲುಗಾಡಿದರೆ ಎಲ್ಲಾ ಅಲುಗಾಡುತ್ತದೆ.

ಮಳೆಬಿಲ್ಲು

ಗೀಚು, ನಿಮ್ಮ ಉತ್ತರಕ್ಕೆ ಗೆರೆ ಎಳೆದದ್ದು ಅನ್ಯಾಯ. ಆದರೆ ವಚನದಲ್ಲಿ ‘ನಾನು’ ಅನ್ನುವವನಿಗೆ ಬಸವಣ್ಣನ ಸಂಬಳದ ಲೆಕ್ಕ ಹಚ್ಚಬೇಕಾ? ಮೊದಲ ಸಾಲು ಉಳ್ಳವರು ಅಂದಾಗ ಎರಡನೇ ಸಾಲಿನಲ್ಲಿ ಅವರ ಎದುರು ನಿಲ್ಲುವವನೊಬ್ಬ ಬೇಕು. ಬಡವ ಅನ್ನುವುದು ಆ ಜಾಗ. ‘ಎನಗಿಂತ ಕಿರಿಯರಿಲ್ಲ’ ಅಂತ ಇನ್ನೊಂದು ವಚನದಲ್ಲಿ ಹೇಳುವಾಗಲೂ ಅವನು ವಯಸ್ಸಿನ ಲೆಕ್ಕ ಕೊಡುತ್ತಿಲ್ಲವಲ್ಲ. ತನ್ನನ್ನು ಕೆಳಗಿಟ್ಟುಕೊಂಡು ಮಾತು ಶುರುಮಾಡುವುದು ಅವನ ರೀತಿ.

ಮತ್ತೆ, ಗುಡಿ ಕಟ್ಟುವಷ್ಟು ಸ್ಥಿತಿ ಇದ್ದವನೊಬ್ಬ ನಾನು ಬಡವ ಅಂತ ಉಳ್ಳವರ ಗುಂಪಿನಿಂದ ಆಚೆ ನಿಂತರೆ ಅದು ಇನ್ನೂ ಹರಿತವಾದ ಮಾತಾಗಲಿಲ್ಲವಾ?

ಗೀಚು

ಹರಿತವೋ ಜಾಣತನವೋ, ನನಗಂತೂ ಪೂರ್ತಿ ಸಮಾಧಾನ ಇಲ್ಲ. ನಿಜವಾದ ಬಡವನೊಬ್ಬ ಹೇಳಿದರೆ ಒಂದು, ಭಂಡಾರಿ ಹೇಳಿದರೆ ಇನ್ನೊಂದು. ಯಾರು ಹೇಳಿದರು ಅನ್ನುವುದನ್ನು ಒರೆಸಿಹಾಕಿ ಓದುವುದು ನನ್ನಿಂದ ಆಗಲ್ಲ.

ತಾಳೆಗರಿ

ಇದು ಇಲ್ಲಿ ಇತ್ಯರ್ಥ ಆಗುವ ಮಾತಲ್ಲ ಬಿಡಿ. ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಪ್ರಶ್ನೆಗೆ ಉತ್ತರ. ವಚನದ ಒಳಗೆ ಆ ಶಬ್ದ ಏನು ಕೆಲಸ ಮಾಡುತ್ತದೆ ಅನ್ನುವುದು ಒಂದು. ಆ ಕಾಲದಲ್ಲಿ ಅದನ್ನು ಯಾರು ಯಾರಿಗೆ ಹೇಳಿದರು ಅನ್ನುವುದು ಇನ್ನೊಂದು. ನೇರನುಡಿಯವರು ಹೇಳಿದ ಅಲುಗಾಟ ಎರಡನೆಯದರಲ್ಲಿ ಮಾತ್ರ. ಮತ್ತೆ ಬಡವರ ಚಳವಳಿ ಅನ್ನುವುದಕ್ಕೆ ರಾಮಾನುಜನ್ ಈ ಒಂದು ಶಬ್ದವನ್ನೇ ನಂಬಿಕೊಂಡಿಲ್ಲ, ಆ ಚಳವಳಿಯ ಬಗ್ಗೆ ಬೇರೆ ಕಡೆಯಿಂದ ತಿಳಿದದ್ದನ್ನೂ ತರುತ್ತಾರೆ.

ಈಗ ದೇಹದ ಪ್ರಶ್ನೆ. ಅರೆಓದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ದೇಹವೇ ಜಂಗಮ ಅಂತ ವಚನ ಹೇಳುವುದಿಲ್ಲ. ನಾಲ್ಕನೇ ಸಾಲಿಗೂ ಕೊನೆಯ ಸಾಲಿಗೂ ನಡುವೆ ಒಂದು ಕಂದಕ ಇದೆ. ರಾಮಾನುಜನ್ ಅದನ್ನು ‘ಆಗಿರುವುದು ಅಳಿಯದು’ ಅನ್ನುವ ಮಾತಿನಿಂದ ದಾಟುತ್ತಾರೆ. ಆದರೆ ಅದನ್ನು ದಾಟಲು ವಚನವೇ ಏನಾದರೂ ಕೊಟ್ಟಿದೆಯಾ ಅಂತ ಮೊದಲು ಹುಡುಕಬೇಕು. ದೇಹದ ಇಷ್ಟು ಭಾಗಗಳಲ್ಲಿ ಮೊದಲು ಬರುವುದು ಯಾವುದು?

ಅರೆಓದು

ಕಾಲು.

ಓ. ನಡೆಯುವುದು ಕಾಲು. ಗುಡಿಯಲ್ಲಿ ಕಂಬ ಅಲ್ಲಾಡಿದರೆ ಗುಡಿಯೇ ಬೀಳುತ್ತದೆ. ಇಲ್ಲಿ ಕಂಬವೇ ನಡೆಯುತ್ತದೆ! ಅಂದರೆ ಮೂರನೇ ಸಾಲಿನಲ್ಲೇ ಜಂಗಮ ಒಳಗೆ ಬಂದಾಗಿದೆ, ಹೆಸರು ಮಾತ್ರ ಕೊನೆಗೆ ಬರುತ್ತದೆ. ನನ್ನ ಆಕ್ಷೇಪಣೆ ಅರ್ಧ ಕರಗಿಹೋಯಿತಲ್ಲ ಸರ್.

ತಾಳೆಗರಿ

ಅರ್ಧ ಅಂದಿರಿ, ಅದು ಸರಿಯಾದ ಲೆಕ್ಕ. ಚಲನೆಯ ಸೇತುವೆ ಸಿಕ್ಕಿತು. ಅಳಿವಿನ ಪ್ರಶ್ನೆ ಹಾಗೇ ಇದೆ. ನಡೆಯುವ ಕಾಲೂ ಒಂದು ದಿನ ಸುಡುಗಾಡಿಗೋ ಗೋರಿಗೋ ಹೋಗುವಂಥದ್ದೇ. ಅಲ್ಲಿ ನೇರನುಡಿಯವರ ಉಂಬ ಜಂಗಮನನ್ನು ಕರೆಯಬೇಕಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಒಬ್ಬ ಜಂಗಮ ಸಾಯುತ್ತಾನೆ, ಬಾಗಿಲಿಗೆ ಇನ್ನೊಬ್ಬ ಬರುತ್ತಾನೆ. ಬರುವುದು ನಿಲ್ಲುವುದಿಲ್ಲ. ಗುಡಿ ಬಿದ್ದರೆ ಅದು ತಾನಾಗಿ ಇನ್ನೊಂದು ಕಡೆ ಏಳುವುದಿಲ್ಲ. ಇದು ನನ್ನ ಊಹೆ, ವಚನ ಇಷ್ಟು ಬಿಡಿಸಿ ಹೇಳಿಲ್ಲ. ಊಹೆ ಅಂತ ಹೇಳಿಯೇ ಬರೆಯಬೇಕು.

ನೇರನುಡಿ

ಅಲ್ಲಿಗೆ ನಾನು ಹೇಳಿದ್ದೇ ಸರಿಯಾಯಿತು ಅನ್ನಿ.

ಮಳೆಬಿಲ್ಲು

ಅರ್ಥ ಸರಿ, ‘ರಾಮಾನುಜನ್‌ಗೆ ಹೊಳೆಯಲಿಲ್ಲ’ ತಪ್ಪು. ಎರಡನ್ನೂ ಒಟ್ಟಿಗೆ ಗೆಲ್ಲಿಸಿಕೊಳ್ಳಬೇಡಿ ಸರ್ 🙂

ನಾನು ಬೇರೆ ಏನೋ ಹುಡುಕಿದೆ, ಕೇಳಿ. ‘ಮಾಡುವುದು ಕೀಳು, ಆಗಿರುವುದು ಮೇಲು’ ಅನ್ನುವುದು ಬಸವಣ್ಣನ ಎಲ್ಲಾ ಕಡೆಯ ನಿಲುವೇ ಅಂತ ನೋಡಲು, ದೇಹವನ್ನು ಬೇರೆ ವಸ್ತು ಅಂತ ಹೇಳುವ ಇನ್ನೊಂದು ವಚನ ತೆಗೆದೆ.

ಎನ್ನ ಕಾಯವ ದಂಡಿಗೆಯ ಮಾಡಯ್ಯಾ,
ಎನ್ನ ಸಿರವ ಸೋರೆಯ ಮಾಡಯ್ಯಾ,
ಎನ್ನ ನರವ ತಂತಿಯ ಮಾಡಯ್ಯಾ...

ಇಲ್ಲಿ ದೇಹ ವೀಣೆ. ಮತ್ತೆ ಸಾಲು ಸಾಲಿಗೂ ‘ಮಾಡಯ್ಯಾ’! ಮಾಡುವುದು ಇಲ್ಲಿ ಕೀಳಲ್ಲ. ಬೇಡಿಕೊಳ್ಳುವಂಥದ್ದು. ವ್ಯತ್ಯಾಸ ಏನಂದರೆ ಮಾಡಬೇಕಾದವನು ದೇವರು.

ತಾಳೆಗರಿ

ಭೇಷ್. ಇದು ನನಗೆ ಹೊಳೆದಿರಲಿಲ್ಲ. ಆಗ ರಾಮಾನುಜನ್ ಮಾತನ್ನು ಸ್ವಲ್ಪ ಬಿಗಿ ಮಾಡಬೇಕಾಗುತ್ತದೆ. ಈ ವಚನದ ಮಟ್ಟಿಗೆ ಮಾಡುವುದು-ಆಗಿರುವುದು ಎದುರಾಬದುರು ನಿಲ್ಲುತ್ತವೆ, ಅದರಲ್ಲಿ ಅನುಮಾನವಿಲ್ಲ. ಅದನ್ನೇ ಬಸವಣ್ಣನ ಸಿದ್ಧಾಂತ ಅಂತ ಹಿಗ್ಗಿಸಿದರೆ ವೀಣೆಯ ವಚನ ಅಡ್ಡ ಬರುತ್ತದೆ. ಅಲ್ಲಿ ತಕರಾರು ಇರುವುದು ‘ಮಾಡುವವನು’ ಯಾರು ಅನ್ನುವುದರ ಮೇಲೆ. ಅವರ ಆ ಪುಟಗಳಲ್ಲಿ ಮಾತು ಈ ವಚನದಿಂದ ಶುರುವಾಗಿ ಇಡೀ ಚಳವಳಿಯ ಕಡೆಗೆ ಹರಡುತ್ತದೆ, ಹಾಗಾಗಿ ಈ ಪ್ರಶ್ನೆ ಕೇಳುವುದು ನ್ಯಾಯವೇ.

ಇನ್ನೊಂದು ಎಚ್ಚರಿಕೆ, ಚಿಕ್ಕದು. ಈ ಓದು ಬರೆದವರೇ ಅನುವಾದಕರೂ ಹೌದು. ಅವರ ಇಂಗ್ಲಿಷ್‌ನಲ್ಲಿ ಕೊನೆಯ ಸಾಲು ‘ನಿಂತದ್ದು ಬೀಳುತ್ತದೆ, ಚಲಿಸುವುದು ಉಳಿಯುತ್ತದೆ’ ಅನ್ನುವ ಒಗಟಿನ ಹಾಗಿದೆ. ಕನ್ನಡದಲ್ಲಿ ಬೀಳುವುದೂ ಇಲ್ಲ, ಉಳಿಯುವುದೂ ಇಲ್ಲ, ಅಳಿವು ಒಂದೇ ಇದೆ, ಉಂಟು ಮತ್ತು ಇಲ್ಲ. ಒಗಟು ಕನ್ನಡದಲ್ಲಿ ಇಲ್ಲವೇ ಇಲ್ಲ ಅನ್ನಲಾರೆ, ಆದರೆ ಇಂಗ್ಲಿಷ್‌ನಲ್ಲಿ ಅದು ಜಾಸ್ತಿ ಮೊನಚು. ಅದೇ ರೀತಿ ಸಾಲುಗಳ ಬಗ್ಗೆಯೂ ಹುಷಾರು. ತಾಳೆಗರಿಯಲ್ಲಿ ವಚನಗಳನ್ನು ಹೀಗೆ ಸಾಲು ಮುರಿದು ಬರೆದಿಲ್ಲ, ಇದು ಸಂಪಾದಕರು ಕೊಟ್ಟ ರೂಪ. ‘ಮೂರನೇ ಸಾಲಿನಲ್ಲಿ’ ಅಂತ ನಾವೆಲ್ಲಾ ಸಲೀಸಾಗಿ ಹೇಳುತ್ತಿದ್ದೇವೆ, ವಾದವನ್ನು ಮಾತ್ರ ಸಾಲಿನ ತುದಿಯ ಮೇಲೆ ಕಟ್ಟಬೇಡಿ, ಶಬ್ದಗಳ ಕ್ರಮದ ಮೇಲೆ ಕಟ್ಟಿ. ಪಾಠವನ್ನೂ ಒಮ್ಮೆ ನೋಡಿಕೊಳ್ಳಿ. 1993ರ ಸಮಗ್ರ ವಚನ ಸಂಪುಟದ ಮೊದಲನೆಯದು ಕಲಬುರ್ಗಿಯವರು ಸಂಪಾದಿಸಿದ ಬಸವಣ್ಣನ ವಚನಗಳು.

ಅರೆಓದು

ಆ ಪ್ರಸ್ತಾವನೆ ಪೂರ್ತಿ ಓದಿ ಬಂದೆ. ನೋಟ್ಸ್‌ನಲ್ಲಿ ಇದ್ದದ್ದಕ್ಕೂ ಅದಕ್ಕೂ ಅಜಗಜಾಂತರ. ಜಂಗಮದ ಮಾತು ನೀವು ಹೇಳಿದ ಹಾಗೇ ಇದೆ. ಬರೆಯಲು ಶುರುಮಾಡಿದ್ದೇನೆ. ಒಂದು ಪ್ಯಾರಾ ಹಾಕುತ್ತೇನೆ, ಎಲ್ಲಿ ಜಾರುತ್ತಿದ್ದೇನೆ ಹೇಳಿ.

“ಈ ವಚನದಲ್ಲಿ ಮಾಡುವುದಕ್ಕೂ ಆಗಿರುವುದಕ್ಕೂ ಎದುರುನಿಲುವು ಇದೆ ಎಂಬ ರಾಮಾನುಜನ್ ಅವರ ಮಾತನ್ನು ಒಪ್ಪುತ್ತೇನೆ. ಎರಡು ಸಲ ಬಂದ ‘ಮಾಡು’ ದೇಹದ ಮಾತು ಬಂದ ಕೂಡಲೇ ಮಾಯವಾಗುತ್ತದೆ. ಆದರೆ ಗುಡಿ ಮರೆತ ಮೂಲಕ್ಕೆ ವಚನ ಹಿಂತಿರುಗುತ್ತದೆ ಎಂಬುದಕ್ಕೆ ವಚನದಲ್ಲಿ ಆಧಾರ ಕಾಣಲಿಲ್ಲ. ತಲೆ ಇಲ್ಲಿ ಶಿಖರವಲ್ಲ, ಕಳಶ. ಅದೂ ಹೊನ್ನಿನದು. ಬಡವ ಹೊನ್ನನ್ನು ಬಿಟ್ಟುಕೊಟ್ಟಿಲ್ಲ. ಗುಡಿಯನ್ನು ತಳ್ಳಿಹಾಕುವವನು ಅದರ ಚಿನ್ನದ ಕಳಶವನ್ನು ತನ್ನ ತಲೆಗೆ ಯಾಕೆ ಇಟ್ಟುಕೊಳ್ಳುತ್ತಾನೆ? ಗುಡಿಯ ಬೆಲೆ ಅವನಿಗೆ ಗೊತ್ತು, ಆ ಬೆಲೆ ತನ್ನಲ್ಲೂ ಇದೆ ಎನ್ನುತ್ತಿದ್ದಾನೆ. ನನ್ನ ಗಮನಕ್ಕೆ ಬಂದ ಇನ್ನೊಂದು ವಿಷಯ ದನಿ. ‘ನಾನೇನ ಮಾಡುವೆ? ಬಡವನಯ್ಯಾ’ ಎನ್ನುವಾಗ ಇದು ಕೈಲಾಗದವನ ಸಬೂಬು. ‘ಕೇಳಯ್ಯಾ’ ಎನ್ನುವ ಹೊತ್ತಿಗೆ ಅವನೇ ದೇವರಿಗೆ ತಿಳಿಹೇಳುತ್ತಿದ್ದಾನೆ. ಸ್ಥಾವರಕ್ಕೆ ಅಳಿವುಂಟು ಎಂಬುದು ದೇವರಿಗೆ ಗೊತ್ತಿಲ್ಲದ ಸಂಗತಿಯೇ? ರಾಮಾನುಜನ್ ಈ ವಚನವನ್ನು ಜೋಡಿ ಜೋಡಿ ವಿರೋಧಗಳಾಗಿ ಬಿಡಿಸುತ್ತಾರೆ. ಆ ಜೋಡಿಗಳು ಇರುವುದು ನಿಜ. ಆದರೆ ಸಬೂಬಿನಿಂದ ಶುರುವಾಗಿ ಬುದ್ಧಿಮಾತಿಗೆ ಮುಟ್ಟುವ ಈ ಏರಿಕೆ ಆ ಜೋಡಿಗಳಲ್ಲಿ ಸಿಗುವುದಿಲ್ಲ.”

ಗೀಚು

ಅಧಿಕಪ್ರಸಂಗ! (ತಮಾಷೆಗೆ. ಚೆನ್ನಾಗಿದೆ.)

ಕಲ್ಲುಕಂಬ

ಹೊನ್ನ ಕಳಶದ ಮಾತು ಸೊಗಸಾಗಿದೆ. ಆದರೂ ಗುಡಿ-ದೇಹದ ವಾದವನ್ನು ‘ಆಧಾರ ಕಾಣಲಿಲ್ಲ’ ಅಂತ ಒಂದೇ ಏಟಿಗೆ ತೆಗೆದುಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಆ ಕಾಲದ ಕೇಳುಗನಿಗೆ ಗರ್ಭಗುಡಿ ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತಿದ್ದದ್ದೇ. ಹೇಳದೆಯೇ ನೆನಪಾಗುತ್ತಿತ್ತು ಅಂತ ಯಾಕೆ ಆಗಬಾರದು?

ತಾಳೆಗರಿ

ಆಗಬಹುದು. ಅರೆಓದು ಅವರೇ, ‘ವಚನ ಅದನ್ನು ಹೇಳುವುದಿಲ್ಲ, ಕೇಳುಗರಿಗೆ ನೆನಪಾಗಿರಬಹುದು’ ಅಂತ ಬರೆದರೆ ನೀವು ಹೇಳಬೇಕಾದ್ದೂ ಉಳಿಯುತ್ತದೆ, ಅವರಿಗೂ ಅನ್ಯಾಯವಾಗುವುದಿಲ್ಲ.

ನನ್ನ ತಕರಾರು ಬೇರೆ ಕಡೆ. ‘ಕೇಳಯ್ಯಾ’ದಲ್ಲಿ ಬುದ್ಧಿಮಾತಿನ ದನಿ ಇದೆ ಅಂತ ಹೇಗೆ ಗೊತ್ತು? ದೇವರನ್ನು ಕೂಗಿ ‘ಕೇಳಯ್ಯಾ’ ಅನ್ನುವುದು ವಚನಗಳಲ್ಲಿ ಮಾಮೂಲಿ. ಎಲ್ಲಾ ಕಡೆ ಅದು ಬುದ್ಧಿಮಾತಾ? ಬಸವಣ್ಣನ ಒಂದಷ್ಟು ‘ಕೇಳಯ್ಯಾ’ಗಳನ್ನು ಒಟ್ಟು ಹಾಕಿ, ಆ ಶಬ್ದದ ನಂತರ ಏನು ಬರುತ್ತದೆ ನೋಡಿ. ಬೇಡಿಕೆ ಬರುತ್ತದೆಯಾ, ದೂರು ಬರುತ್ತದೆಯಾ, ಇಲ್ಲಿಯ ಹಾಗೆ ನಿರ್ಣಯ ಬರುತ್ತದೆಯಾ. ರಾಮಾನುಜನ್‌ಗೆ ಹಚ್ಚಿದ ಒರೆಗಲ್ಲನ್ನು ನಿಮಗೂ ಹಚ್ಚಬೇಕಲ್ಲ.

ಅರೆಓದು

ಹಚ್ಚುತ್ತೇನೆ ಸರ್. ಸಂಪುಟ ಲೈಬ್ರರಿಯಲ್ಲಿದೆ. ಬೇರೆ ಕಡೆ ಬೇಡಿಕೆಯೇ ಜಾಸ್ತಿ ಸಿಕ್ಕಿದರೆ?

ಮಳೆಬಿಲ್ಲು

ಆಗ ಈ ಒಂದು ಕಡೆ ಮಾತ್ರ ಯಾಕೆ ಬೇರೆ ಅಂತ ಕೇಳಬಹುದು, ಅದು ಇನ್ನೂ ಒಳ್ಳೆಯ ಪ್ಯಾರಾ ಆಗುತ್ತದೆ. ಅಥವಾ ಆ ವಾಕ್ಯ ತೆಗೆಯಬೇಕಾಗುತ್ತದೆ. ನೋಡಿ ಬಂದು ಇಲ್ಲೇ ಹಾಕಿ.